ಫೋಟೋ ನೋಡಿ ಬೋಲ್ಟಿನ ಅಳತೆ ಹಿಡಿಯುವುದು: ಎಂ10 ಅಂದುಕೊಂಡದ್ದು ಮೂರು ಸೂತಿನದಾಗಿತ್ತು

ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ಚಿಕ್ಕಪ್ಪನ ಅಡಿಕೆ ತೋಟಕ್ಕೆ ಹಳ್ಳದಿಂದ ನೀರೆತ್ತುವುದು ಒಂದು ಹಳೇ ಮೋನೋಬ್ಲಾಕ್ ಪಂಪ್. ಅದರ ಬೀಡಿನ ಕೇಸಿಂಗನ್ನು ಮೋಟಾರಿಗೆ ಹಿಡಿದಿಟ್ಟಿರುವುದು ನಾಲ್ಕು ಬೋಲ್ಟು. ಪ್ಯಾಕಿಂಗ್ ಬದಲಾಯಿಸಲು ಬಿಚ್ಚಿದಾಗ ಒಂದು ಬೋಲ್ಟಿನ ತಲೆ ಉರುಟಾಗಿ ಹೋಗಿತ್ತು, ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಅವರು ಬೋಲ್ಟನ್ನು ಒಂದು ಕಾರ್ಡಿನ ಪಕ್ಕದಲ್ಲಿಟ್ಟು ಫೋಟೋ ತೆಗೆದು ಕಳಿಸಿದರು. ನಾನು ಅಳೆದೆ, ಥ್ರೆಡ್ ಎಣಿಸಿದೆ, ಎಂ10 ಎಂದು ತೀರ್ಮಾನಿಸಿದೆ. ಬೆಂಗಳೂರಿನಲ್ಲಿ ನಾಲ್ಕು ಹೊಸ ಬೋಲ್ಟು ಕೊಂಡು ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಿದೆ.

ಮರುದಿನ ಸಂಜೆ ಫೋನ್ ಬಂತು. "ಒಂದು ಸುತ್ತು ಹಿಡಿಯಿತು ಮಾರಾಯ, ಆಮೇಲೆ ಬಿಗಿಯಾಯಿತು. ತುಕ್ಕು ಇರಬಹುದು ಅಂತ ಎಣ್ಣೆ ಬಿಟ್ಟು ಸ್ಪ್ಯಾನರ್ ಹಾಕಿ ತಿರುಗಿಸಿದೆ. ಈಗ ಸುಮ್ಮನೆ ತಿರುಗುತ್ತಾ ಇದೆ, ಕಚ್ಚುತ್ತಾ ಇಲ್ಲ."

ಸುಮ್ಮನೆ ತಿರುಗುತ್ತದೆ ಎಂದರೆ ಕೇಸಿಂಗಿನ ಒಳಗಿನ ಥ್ರೆಡ್ ಕಿತ್ತುಹೋಗಿದೆ ಎಂದೇ ಅರ್ಥ. ಉಕ್ಕಿನ ಬೋಲ್ಟು ಬೀಡಿಗಿಂತ ಗಟ್ಟಿ. ಅಳತೆ ತಪ್ಪಿದಾಗ ಸೋಲುವುದು ಬೋಲ್ಟಲ್ಲ, ಕೇಸಿಂಗು. ಕೆಲವೇ ರೂಪಾಯಿಯ ಬೋಲ್ಟಿನ ತಪ್ಪು ಲೇತ್ ಅಂಗಡಿಯ ಕೆಲಸಕ್ಕೆ ದಾರಿಮಾಡಿತು. ಆ ಫೋಟೋವನ್ನು ಮತ್ತೆ ತೆರೆದು ಕೂತಾಗ ಸರಿಯಾದ ಉತ್ತರ ಅದರಲ್ಲೇ ಇತ್ತು. ನಾನು ಎಲ್ಲಿ ಎಡವಿದೆ, ಅದೇ ಫೋಟೋದಿಂದ ಸರಿಯಾದ ಅಳತೆ ಹೇಗೆ ಹೊರಟಿತು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಗೊಂದಲ ಎಲ್ಲಿಂದ ಬರುತ್ತದೆ

ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ಎರಡು ಲೆಕ್ಕ ಜೊತೆಜೊತೆಗೆ ನಡೆಯುತ್ತವೆ. ಒಂದು ಮಿಲಿಮೀಟರಿನದು: ಎಂ6, ಎಂ8, ಎಂ10, ಎಂ12. ಇನ್ನೊಂದು ಸೂತಿನದು. ಇಂಚಿನ ಎಂಟನೇ ಒಂದು ಭಾಗಕ್ಕೆ ಒಂದು ಸೂತು. ಎರಡು ಸೂತು ಎಂದರೆ ಕಾಲು ಇಂಚು, ಎರಡೂವರೆ ಸೂತು ಎಂದರೆ 5/16 ಇಂಚು, ಮೂರು ಸೂತು 3/8 ಇಂಚು, ನಾಲ್ಕು ಸೂತು ಅರ್ಧ ಇಂಚು. ಹೊಸ ಬೈಕು, ಕಾರು, ಪವರ್ ಟಿಲ್ಲರ್, ಹೊಸ ಮೋಟಾರುಗಳಲ್ಲಿ ಮಿಲಿಮೀಟರಿನದೇ ಹೆಚ್ಚು. ಹಳೇ ಪಂಪು, ಹಳೇ ಲೇತು, ಗೇಟು, ಶೆಡ್ಡು, ಥ್ರೆಡ್ ರಾಡು ಅಂದರೆ ಸೂತಿನ ಸಾಧ್ಯತೆಯನ್ನು ಮೊದಲು ಯೋಚಿಸಬೇಕು. ಸೂತಿನ ಬೋಲ್ಟಿನ ಥ್ರೆಡ್ ಸಾಮಾನ್ಯವಾಗಿ ಬಿ.ಎಸ್.ಡಬ್ಲ್ಯೂ., ಅಂದರೆ 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ರೂಪಿಸಿದ ಥ್ರೆಡ್.

ಅಗಲದಲ್ಲಿ ಈ ಎರಡು ಲೆಕ್ಕಗಳೂ ಒಂದಕ್ಕೊಂದು ತೀರಾ ಹತ್ತಿರ ಬರುತ್ತವೆ. ಎರಡೂವರೆ ಸೂತು ಅಂದರೆ 7.94 ಮಿ.ಮೀ.; ಎಂ8 ಬೋಲ್ಟು ಹೆಸರಿಗೆ 8 ಆದರೂ ತಯಾರಿಕೆಯಲ್ಲಿ 7.76ರಿಂದ 7.97ರ ಒಳಗೆ ಎಲ್ಲಿಯಾದರೂ ಇರಬಹುದು. ಹಾಗಾಗಿ ವರ್ನಿಯರ್ ಹಿಡಿದು ಅಗಲ ಅಳೆದರೂ ಇವೆರಡನ್ನು ಬೇರೆ ಮಾಡಲಾಗದು. ಮೂರು ಸೂತು 9.53, ಎಂ10 ಬೋಲ್ಟು 9.73ರಿಂದ 9.97. ಇಲ್ಲಿ ವರ್ನಿಯರ್ ಹೇಳೀತು, ಆದರೆ ಫೋಟೋದಲ್ಲಿ 0.2 ಮಿ.ಮೀ. ವ್ಯತ್ಯಾಸವನ್ನು ನಂಬುವ ಹಾಗಿಲ್ಲ. ಅಗಲ ನೋಡಿ ಬೋಲ್ಟು ಗುರುತಿಸಲು ಹೊರಟಿದ್ದೇ ನನ್ನ ಮೊದಲ ತಪ್ಪು. ಇವುಗಳ ನಿಜವಾದ ವ್ಯತ್ಯಾಸ ಇರುವುದು ಥ್ರೆಡ್ಡಿನ ಏಣಿನಿಂದ ಏಣಿಗೆ ಇರುವ ದೂರದಲ್ಲಿ, ಅಂದರೆ ಪಿಚ್‌ನಲ್ಲಿ. ಎಂ8ರ ಪಿಚ್ 1.25 ಮಿ.ಮೀ. ಎರಡೂವರೆ ಸೂತಿಗೆ ಇಂಚಿಗೆ 18 ಥ್ರೆಡ್, ಅಂದರೆ 1.41 ಮಿ.ಮೀ. ಎಂ10ರ ಪಿಚ್ 1.5. ಮೂರು ಸೂತಿಗೆ ಇಂಚಿಗೆ 16 ಥ್ರೆಡ್, ಅಂದರೆ 1.59.

ಒಂದು ಥ್ರೆಡ್ಡಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಹತ್ತು ಥ್ರೆಡ್ ಸೇರಿದರೆ ಎಂ8ರಲ್ಲಿ 12.5, ಎರಡೂವರೆ ಸೂತಿನಲ್ಲಿ 14.1 ಮಿ.ಮೀ. ಆಗುತ್ತದೆ. ಅಷ್ಟು ವ್ಯತ್ಯಾಸ ಫೋಟೋದಲ್ಲಿ ಧಾರಾಳವಾಗಿ ಕಾಣುತ್ತದೆ.

ಪಕ್ಕದಲ್ಲಿಟ್ಟ ಕಾರ್ಡು ಹೇಗೆ ದಾರಿ ತಪ್ಪಿಸುತ್ತದೆ

ಎ.ಟಿ.ಎಂ. ಕಾರ್ಡಿನ ಉದ್ದ ಎಲ್ಲ ಕಡೆಯೂ 85.6 ಮಿ.ಮೀ. ಆದ್ದರಿಂದ ಅಳತೆಗೋಲಾಗಿ ಅದು ನಾಣ್ಯಕ್ಕಿಂತ ಮೇಲು. ಒಂದು ರೂಪಾಯಿ ನಾಣ್ಯಗಳಲ್ಲಿ ಹಳೆಯದು ಒಂದು ಗಾತ್ರ, ಹೊಸದು ಇನ್ನೊಂದು ಗಾತ್ರ. ಕಳಿಸಿದವರ ಹತ್ತಿರ ಯಾವುದಿತ್ತೆಂದು ವಿಚಾರಿಸುತ್ತಾ ಕೂರಬೇಕಾಗುತ್ತದೆ. ಆದರೆ ಬ್ಯಾಂಕ್ ಕಾರ್ಡಿನ ನಂಬರು ಫೋಟೋದಲ್ಲಿ ಊರೂರು ಸುತ್ತುವುದು ಬೇಡ. ಹೊಸ ಸಿಮ್ ಬರುವಾಗ ಅದು ಅಂಟಿಕೊಂಡಿರುವ ದೊಡ್ಡ ಪ್ಲಾಸ್ಟಿಕ್ ಕಾರ್ಡು ಸಾಮಾನ್ಯವಾಗಿ ಅದೇ ಅಳತೆಯದು, ಅದನ್ನೇ ಇಡಲು ಹೇಳಿ.

ಚಿಕ್ಕಪ್ಪ ಕಳಿಸಿದ ಫೋಟೋದಲ್ಲಿ ಕಾರ್ಡಿನ ಉದ್ದ 2097 ಪಿಕ್ಸೆಲ್ ಇತ್ತು, ಅಂದರೆ ಮಿಲಿಮೀಟರಿಗೆ 24.5 ಪಿಕ್ಸೆಲ್. ಬೋಲ್ಟಿನ ಥ್ರೆಡ್ಡಿನ ಅಗಲ 238 ಪಿಕ್ಸೆಲ್. ಭಾಗಿಸಿದರೆ 9.7 ಮಿ.ಮೀ. ಮೂರು ಸೂತಿಗಿಂತ ಹೆಚ್ಚು, ಎಂ10ರ ಕೆಳಗಿನ ಮಿತಿಗೆ ಕೂದಲೆಳೆಯಷ್ಟು ಕಡಿಮೆ. ಸವೆದ ಎಂ10 ಎಂದು ನಂಬಿಬಿಟ್ಟೆ.

ಆ 9.7ರಲ್ಲಿ 0.2 ಹೆಚ್ಚುವರಿ ಎಲ್ಲಿಂದ ಬಂತು? ಕಾರ್ಡು ಮೇಜಿಗೆ ಅಂಟಿಕೊಂಡು ಮಲಗಿದೆ. ಬೋಲ್ಟು ದುಂಡಗಿರುವುದರಿಂದ ಅದರ ಪೂರ್ತಿ ಅಗಲ ಇರುವುದು ನಡುಮಟ್ಟದಲ್ಲಿ, ಕಾರ್ಡಿಗಿಂತ ಸುಮಾರು 5 ಮಿ.ಮೀ. ಮೇಲೆ, ಕ್ಯಾಮೆರಾಕ್ಕೆ ಅಷ್ಟು ಹತ್ತಿರ. ಫೋನನ್ನು ಒಂದು ಗೇಣು, ಅಂದರೆ ಸುಮಾರು 23 ಸೆಂ.ಮೀ. ಎತ್ತರದಲ್ಲಿ ಹಿಡಿದಿದ್ದರೆ ಆ 5 ಮಿ.ಮೀ. ಬೋಲ್ಟನ್ನು ಶೇಕಡ 2ರಷ್ಟು ದಪ್ಪ ಮಾಡಿ ತೋರಿಸುತ್ತದೆ. 9.5ರ ಬೋಲ್ಟು 9.7 ಆಗಲು ಅಷ್ಟೇ ಸಾಕು. ಇನ್ನೂ ಹತ್ತಿರ, 10 ಸೆಂ.ಮೀ.ನಲ್ಲಿ ಹಿಡಿದರೆ ಶೇಕಡ 5 ತಪ್ಪು. ಆಗ ಮೂರು ಸೂತಿನ ಬೋಲ್ಟು ನೇರವಾಗಿ 10 ಮಿ.ಮೀ. ಎಂದೇ ತೋರುತ್ತದೆ. ಚೆನ್ನಾಗಿ ಕಾಣಲಿ ಎಂದು ಎಲ್ಲರೂ ಫೋನನ್ನು ಬೋಲ್ಟಿನ ಹತ್ತಿರಕ್ಕೇ ಒಯ್ಯುತ್ತಾರೆ. ಎರಡು ಅಡಿ ಎತ್ತರಕ್ಕೆ ಹೋಗಿ ಜೂಮ್ ಮಾಡಿದರೆ ಈ ತಪ್ಪು ಶೇಕಡ 1ಕ್ಕಿಂತ ಕೆಳಗಿಳಿಯುತ್ತದೆ.

ಅಳತೆಗೋಲೇ ಬೇಡದ ಲೆಕ್ಕ

ಪಿಚ್ ಮತ್ತು ಅಗಲ ಎರಡೂ ಅದೇ ಬೋಲ್ಟಿನ ಮೇಲಿವೆ, ಕ್ಯಾಮೆರಾದಿಂದ ಅಷ್ಟೇ ದೂರದಲ್ಲಿವೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಕಾರ್ಡೂ ಬೇಡ, ಎತ್ತರದ ಲೆಕ್ಕವೂ ಬೇಡ. ಒಂದು ಏಣಿನಿಂದ ಪಕ್ಕದ ಏಣಿನವರೆಗಿನ ಜಾಗವನ್ನು ಒಂದು ಸಂದು ಎನ್ನೋಣ.

```
ಅನುಪಾತ = 10 ಸಂದುಗಳ ಉದ್ದ ÷ ಥ್ರೆಡ್ಡಿನ ಹೊರ ಅಗಲ
```

ನಮ್ಮಲ್ಲಿ ಹೆಚ್ಚಾಗಿ ಸಿಗುವ ಬೋಲ್ಟುಗಳಿಗೆ ಈ ಅನುಪಾತ ಹೀಗೆ ಬರುತ್ತದೆ:

| ಮಿಲಿಮೀಟರಿನದು | ಅನುಪಾತ | ಅದರ ಜೋಡಿ ಸೂತಿನದು | ಅನುಪಾತ |
|---|---|---|---|
| ಎಂ6 | 1.67 | ಎರಡು ಸೂತು | 2.00 |
| ಎಂ8 | 1.56 | ಎರಡೂವರೆ ಸೂತು | 1.78 |
| ಎಂ10 | 1.50 | ಮೂರು ಸೂತು | 1.67 |
| ಎಂ12 | 1.46 | ನಾಲ್ಕು ಸೂತು | 1.67 |

ಬೋಲ್ಟು ಹೆಸರಿನ ಅಳತೆಗಿಂತ ಒಂದಿಷ್ಟು ಸಣ್ಣದೇ ಇರುವುದರಿಂದ ನಿಮಗೆ ಸಿಗುವ ಸಂಖ್ಯೆ ಇದಕ್ಕಿಂತ ಎರಡು ಮೂರು ನೂರಂಶ ಹೆಚ್ಚು ಬರಬಹುದು. ಎಂ6ಕ್ಕೂ ಮೂರು ಸೂತಿಗೂ ಒಂದೇ ಅನುಪಾತ ಇದೆಯಲ್ಲ ಎಂದು ಅನುಮಾನ ಬಂದರೆ, ಅಲ್ಲಿಗೆ ಕಾರ್ಡು ಸಾಕು. ಆರು ಮಿಲಿಮೀಟರಿಗೂ ಒಂಬತ್ತೂವರೆಗೂ ಇರುವ ಅಂತರ ಎಂಥ ಕೆಟ್ಟ ಫೋಟೋದಲ್ಲೂ ತಿಳಿಯುತ್ತದೆ. ಕಾರ್ಡು ಯಾವ ಸಾಲು ಎಂದು ಹೇಳಲಿ, ಅನುಪಾತ ಆ ಸಾಲಿನಲ್ಲಿ ಎಡವೋ ಬಲವೋ ಎಂದು ಹೇಳಲಿ.

ಅಳೆಯಲು ಬೇರೆ ತಂತ್ರಾಂಶ ಬೇಕಿಲ್ಲ. ಕಂಪ್ಯೂಟರಿನಲ್ಲಿ ಯಾವುದೇ ಚಿತ್ರ ತೆರೆಯುವ ಪ್ರೋಗ್ರಾಮು ಕರ್ಸರ್ ಇರುವ ಜಾಗದ ಪಿಕ್ಸೆಲ್ ತೋರಿಸಿದರೆ ಸಾಕು. ಫೋನಿನಲ್ಲಾದರೆ ಫೋಟೋ ದೊಡ್ಡದು ಮಾಡಿ, ಪರದೆಯ ಮೇಲೆ ಕಾಗದದ ಅಂಚಿಟ್ಟು ಹತ್ತು ಸಂದಿನ ಎರಡು ತುದಿಗೆ ಪೆನ್ಸಿಲ್ ಗುರುತು ಹಾಕಿ. ಜೂಮ್ ಬದಲಾಯಿಸದೆ ಅದೇ ಕಾಗದದಲ್ಲಿ ಅಗಲವನ್ನೂ ಗುರುತು ಮಾಡಿ, ಮಕ್ಕಳ ಸ್ಕೇಲಿನಿಂದ ಎರಡನ್ನೂ ಅಳೆಯಿರಿ. ಅಗಲ ತೆಗೆಯುವಾಗ ಥ್ರೆಡ್ ಇರುವ ಭಾಗದಲ್ಲೇ, ಏಣಿನ ತುದಿಯಿಂದ ಎದುರು ಬದಿಯ ಏಣಿನ ತುದಿಯವರೆಗೆ ತೆಗೆಯಬೇಕು. ತಲೆಯ ಕೆಳಗಿನ ನುಣುಪು ಭಾಗ ಕೆಲವು ಬೋಲ್ಟುಗಳಲ್ಲಿ ಥ್ರೆಡ್ಡಿಗಿಂತ ಸಣ್ಣದಿರುತ್ತದೆ. ಉದ್ದವನ್ನು ಬೋಲ್ಟಿನ ಒಂದೇ ಅಂಚಿನ ಗುಂಟ ತೆಗೆಯಬೇಕು. ಏಣುಗಳು ಓರೆಯಾಗಿರುವುದರಿಂದ ಎಡ ಅಂಚಿನಲ್ಲಿ ಶುರುಮಾಡಿ ಬಲ ಅಂಚಿನಲ್ಲಿ ಮುಗಿಸಿದರೆ ಅರ್ಧ ಸಂದು ತಪ್ಪುತ್ತದೆ.

ಎಣಿಕೆಯಲ್ಲಿ ಆದ ತಪ್ಪು

ನಾನು ಮೊದಲ ಸಲವೇ ಪಿಚ್ ನೋಡಿದ್ದೆ. ಹತ್ತು ಎಣಿಸಿದ್ದೆ, 358 ಪಿಕ್ಸೆಲ್ ಬಂದಿತ್ತು. 358ನ್ನು 238ರಿಂದ ಭಾಗಿಸಿದರೆ 1.50. ಎಂ10ರ ಸಂಖ್ಯೆ ಅಚ್ಚುಕಟ್ಟಾಗಿ ಬಂತು, ಕಾರ್ಡು ಹೇಳಿದ 9.7ಕ್ಕೂ ಹೊಂದಿತು. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ಅನುಮಾನಿಸಲು ಕಾರಣವೇ ಕಾಣಲಿಲ್ಲ.

ಎರಡನೇ ಸಲ ಫೋಟೋ ದೊಡ್ಡದು ಮಾಡಿ ಒಂದೊಂದು ಏಣಿನ ಮೇಲೂ ಕೆಂಪು ಚುಕ್ಕೆ ಇಡುತ್ತಾ ಹೋದೆ. ಮೊದಲ ಸಲ ನಾನು ಎಣಿಸಿದ್ದು ಹತ್ತು ಏಣು. ಹತ್ತು ಏಣಿನ ನಡುವೆ ಇರುವುದು ಒಂಬತ್ತು ಸಂದು. ಹತ್ತು ಸಂದು ಬೇಕಾದರೆ ಹನ್ನೊಂದನೇ ಏಣಿನವರೆಗೆ ಹೋಗಬೇಕು. ಹಾಗೆ ಹೋದಾಗ 398 ಪಿಕ್ಸೆಲ್ ಬಂತು. 398 ÷ 238 = 1.67. ಮೂರು ಸೂತು.

ಕಂಬ ಎಣಿಸುವುದು ಬೇರೆ, ಅಂಕಣ ಎಣಿಸುವುದು ಬೇರೆ ಎನ್ನುವುದು ಮನೆ ಕಟ್ಟುವ ಮೇಸ್ತ್ರಿಗಳಿಗೆಲ್ಲ ಗೊತ್ತು. ಆದರೆ ಬೋಲ್ಟಿನಲ್ಲಿ ಈ ಒಂದರ ತಪ್ಪು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ. ಹತ್ತರಲ್ಲಿ ಒಂದು ಕಡಿಮೆಯಾದರೆ ಶೇಕಡ 10. ಮೂರು ಸೂತಿನ 1.67ರಲ್ಲಿ ಶೇಕಡ 10 ಕಳೆದರೆ ಸರಿಯಾಗಿ ಎಂ10ರ 1.50. ಎಣಿಕೆ ತಪ್ಪಿದಾಗ ಉತ್ತರ ಅಸಂಬದ್ಧವಾಗಿ ಬಂದಿದ್ದರೆ ನಾವೇ ನಿಲ್ಲುತ್ತಿದ್ದೆವು. ಇಲ್ಲಿ ಅದು ಅಂಗಡಿಯಲ್ಲಿ ಸಿಗುವ ಇನ್ನೊಂದು ಬೋಲ್ಟಿನ ರೂಪದಲ್ಲೇ ಬರುತ್ತದೆ. ಈಗ ನಾನು "ಸೊನ್ನೆ, ಒಂದು, ಎರಡು" ಎಂದು ಮೊದಲ ಏಣನ್ನು ಸೊನ್ನೆಯಿಂದಲೇ ಎಣಿಸುತ್ತೇನೆ.

ಓರೆಯಾದ ಬೋಲ್ಟು

ಎಣಿಕೆ ಸರಿಯಿದ್ದರೂ ಬೋಲ್ಟು ಕ್ಯಾಮೆರಾಕ್ಕೆ ಅಡ್ಡಲಾಗಿ ಮಲಗಿರದಿದ್ದರೆ ಲೆಕ್ಕ ಕೆಡುತ್ತದೆ. ಒಂದು ತುದಿ ನಮ್ಮ ಕಡೆ ತಿರುಗಿದ್ದರೆ ಉದ್ದ ಕುಗ್ಗಿ ಕಾಣುತ್ತದೆ, ಅಗಲ ಮಾತ್ರ ಹಾಗೇ ಇರುತ್ತದೆ. 20 ಡಿಗ್ರಿ ಓರೆಯಾದರೆ ಅನುಪಾತ ಶೇಕಡ 6 ಇಳಿಯುತ್ತದೆ, 26 ಡಿಗ್ರಿಗೆ ಶೇಕಡ 10. ಮತ್ತೆ ಅದೇ ಹತ್ತು: ಮೂರು ಸೂತು ಮತ್ತೆ ಎಂ10ರ ವೇಷ ಹಾಕುತ್ತದೆ. ಕೈಯಲ್ಲಿ ಹಿಡಿದು ತೆಗೆದ ಫೋಟೋಗಳಲ್ಲಿ ಇಷ್ಟು ಓರೆ ಇರುವುದು ತೀರಾ ಸಾಮಾನ್ಯ.

ಓರೆ ಇದೆಯೋ ಇಲ್ಲವೋ ಎಂದು ಬೋಲ್ಟಿನ ತುದಿಯೇ ಹೇಳುತ್ತದೆ. ಸರಿಯಾಗಿ ಅಡ್ಡ ಮಲಗಿದ್ದರೆ ತುದಿಯ ಮುಖ ಒಂದು ಗೆರೆಯಂತೆ ಕಾಣಬೇಕು. ಅದು ಮೊಟ್ಟೆಯಾಕಾರಕ್ಕೆ ತೆರೆದುಕೊಂಡಿದ್ದರೆ ಓರೆ ಇದೆ. ಆ ಮೊಟ್ಟೆಯ ಗಿಡ್ಡ ಅಳತೆ ಅದರ ಉದ್ದದ ಅಳತೆಯ ಮೂರನೇ ಒಂದು ಭಾಗದಷ್ಟಿದ್ದರೆ ಸುಮಾರು 20 ಡಿಗ್ರಿ ಓರೆ. ಅಂಥ ಫೋಟೋದಿಂದ ಲೆಕ್ಕ ಹಾಕುವುದಕ್ಕಿಂತ ಇನ್ನೊಂದು ಫೋಟೋ ಕೇಳುವುದೇ ಒಳ್ಳೆಯದು.

ಓರೆಯಾಗಲಿ, ಏಣೆಣಿಸುವ ತಪ್ಪಾಗಲಿ, ಥ್ರೆಡ್ಡಿನ ಮೇಲೆ ದಪ್ಪಗೆ ಕೂತ ತುಕ್ಕಾಗಲಿ, ಎಲ್ಲವೂ ಅನುಪಾತವನ್ನು ಇಳಿಸುತ್ತವೆಯೇ ಹೊರತು ಏರಿಸುವುದಿಲ್ಲ. ಏರಿಸುವುದು ಏಣು ಬಹಳ ಸವೆದಾಗ ಮಾತ್ರ, ಅದು ಕಣ್ಣಿಗೇ ಕಾಣುತ್ತದೆ. ಆದ್ದರಿಂದ ಸೂತಿನ ಬೋಲ್ಟು ಮಿಲಿಮೀಟರಿನದಾಗಿ ಕಾಣುವುದು ಸುಲಭ, ಮಿಲಿಮೀಟರಿನದು ಸೂತಿನದಾಗಿ ಕಾಣುವುದು ಕಷ್ಟ. 1.67 ಬಂದರೆ ನಾನು ಧೈರ್ಯವಾಗಿ ಮೂರು ಸೂತು ಎನ್ನುತ್ತೇನೆ. 1.50 ಬಂದರೆ ಎಂ10 ಎನ್ನುವ ಮೊದಲು ಇನ್ನೊಂದು ಫೋಟೋ ತರಿಸುತ್ತೇನೆ.

ಹ್ಯಾಕ್ಸಾ ಬ್ಲೇಡಿನ ಸಾಕ್ಷಿ

ಆ ಇನ್ನೊಂದು ಫೋಟೋಗೆ ನಾನು ಕೇಳುವುದು ಹ್ಯಾಕ್ಸಾ ಬ್ಲೇಡು. ತೋಟದ ಶೆಡ್ಡಿನಲ್ಲಿ ಥ್ರೆಡ್ ಗೇಜ್ ಇರುವುದಿಲ್ಲ, ಹ್ಯಾಕ್ಸಾ ಇರುತ್ತದೆ. ಬ್ಲೇಡಿನ ಹಲ್ಲು ಇಂಚಿನ ಲೆಕ್ಕದ್ದು. ಇಂಚಿಗೆ 18 ಅಥವಾ 24 ಹಲ್ಲು, ಎಷ್ಟೆಂದು ಬ್ಲೇಡಿನ ಮೇಲೇ ಅಚ್ಚಾಗಿರುತ್ತದೆ. ಹೊಸ ಬ್ಲೇಡಿನ ಹಲ್ಲಿನ ಅಂಚನ್ನು ಬೋಲ್ಟಿನ ಪಕ್ಕಕ್ಕೆ, ಅದರ ನಡುಮಟ್ಟದಲ್ಲೇ ಥ್ರೆಡ್ಡಿಗೆ ತಾಗುವಂತೆ ಉದ್ದಕ್ಕೆ ಹಿಡಿದು ಫೋಟೋ ತೆಗೆಯಬೇಕು. ಆಗ ಹಲ್ಲು, ಥ್ರೆಡ್ ಎರಡೂ ಒಂದೇ ಮಟ್ಟದಲ್ಲಿರುತ್ತವೆ. ಬೋಲ್ಟು ಓರೆಯಾದರೆ ಬ್ಲೇಡೂ ಅಷ್ಟೇ ಓರೆಯಾಗುತ್ತದೆ, ಲೆಕ್ಕ ಕೆಡುವುದಿಲ್ಲ.

24 ಹಲ್ಲಿನ ಬ್ಲೇಡಿನಲ್ಲಿ 24 ಸಂದು ಎಣಿಸಿದರೆ ಒಂದು ಇಂಚು. ಅದೇ ಉದ್ದದಲ್ಲಿ ಬೋಲ್ಟಿನ ಸಂದು ಸರಿಯಾಗಿ 16 ಬಂದರೆ ಮೂರು ಸೂತು. 17ಕ್ಕೆ ತೀರಾ ಹತ್ತಿರ ಬಂದರೆ ಎಂ10. ಎರಡೂವರೆ ಸೂತು ಮತ್ತು ಎಂ8ರ ನಡುವೆಯಾದರೆ 18 ಮತ್ತು 20ಕ್ಕಿಂತ ಸ್ವಲ್ಪ ಹೆಚ್ಚು, ಎರಡು ಸಂದಿಗೂ ಮಿಕ್ಕಿ ವ್ಯತ್ಯಾಸ. ಬೋಲ್ಟಿನಲ್ಲಿ ಒಂದು ಇಂಚು ಥ್ರೆಡ್ ಇಲ್ಲದಿದ್ದರೆ ಬ್ಲೇಡಿನ 12 ಸಂದು ತೆಗೆದುಕೊಳ್ಳಿ: ಮೂರು ಸೂತಾದರೆ 8 ಸಂದು ಮುಗಿದ ಏಣು ಹಲ್ಲಿನ ಎದುರಿಗೇ ಬಂದು ನಿಲ್ಲುತ್ತದೆ, ಎಂ10 ಆದರೆ ಅರ್ಧ ಸಂದು ಈಚೆಗೇ ನಿಲ್ಲುತ್ತದೆ.

ಚಿಕ್ಕಪ್ಪ ಕೇಸಿಂಗಿನ ಉಳಿದ ಮೂರು ಬೋಲ್ಟುಗಳಲ್ಲಿ ಒಂದಕ್ಕೆ ಬ್ಲೇಡು ಹಿಡಿದು ಕಳಿಸಿದರು. ಸೊನ್ನೆಯಿಂದ ಎಣಿಸಿದಾಗ ಹನ್ನೆರಡನೇ ಹಲ್ಲಿನ ತುದಿ, ಎಂಟನೇ ಏಣಿನ ತುದಿ ಒಂದಕ್ಕೊಂದು ಮುಟ್ಟಿಕೊಂಡಿದ್ದವು.

ತಲೆ ಹೇಳುವುದೆಷ್ಟು

ಬೋಲ್ಟಿನ ತಲೆಯ ನೇರ ಫೋಟೋ ಒಂದು ಜೊತೆಗಿದ್ದರೆ ಕೆಲವೊಮ್ಮೆ ಎಣಿಸುವ ಕೆಲಸವೇ ತಪ್ಪುತ್ತದೆ. ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಿದ್ದರೆ ಅದು ಮಿಲಿಮೀಟರಿನ ಬೋಲ್ಟು. ಆ ಸಂಖ್ಯೆ ಬಲದ್ದು, ಅಳತೆಯದಲ್ಲ. ನಡುವಿನಿಂದ ಅಂಚಿಗೆ ಮೂರು ಅಥವಾ ಆರು ಗೆರೆ ಚಾಚಿದ್ದರೆ ಅಮೆರಿಕದ ಇಂಚಿನ ಲೆಕ್ಕದ್ದು. ಏನೂ ಇಲ್ಲದಿದ್ದರೆ ಏನೂ ಹೇಳಲಾಗದು. ಚಿಕ್ಕಪ್ಪನ ಬೋಲ್ಟಿನ ಮೇಲೆ ಏನೂ ಇರಲಿಲ್ಲ.

ಸ್ಪ್ಯಾನರ್ ನಂಬರನ್ನು ಮಾತ್ರ ನಂಬಿ ಬೋಲ್ಟು ಕೊಳ್ಳಬೇಡಿ. ಎಂ10ಕ್ಕೆ 17ರ ತಲೆಯೂ ಇದೆ, 16ರದೂ ಇದೆ, ಬೈಕುಗಳಲ್ಲಿ 14ರದೂ ಸಿಗುತ್ತದೆ. ಎಂ8ಕ್ಕೆ 13 ಸಾಮಾನ್ಯ, ಬೈಕಿನಲ್ಲಿ 12. "ಹದಿಮೂರರ ಬೋಲ್ಟು ಕೊಡಿ" ಎಂದು ಕೇಳಿದರೆ ಅಂಗಡಿಯವರು ಎಂ8 ಕೊಡುತ್ತಾರೆ, ನಿಮ್ಮದು ಎರಡೂವರೆ ಸೂತಿನದಾಗಿದ್ದರೂ ಕೂಡ. ಯಾಕೆಂದರೆ ಅಮೆರಿಕದ ಲೆಕ್ಕದ 5/16 ಬೋಲ್ಟಿನ ತಲೆ 12.7 ಮಿ.ಮೀ.; 13ರ ಸ್ಪ್ಯಾನರ್ ಅದರ ಮೇಲೂ ಕೂರುತ್ತದೆ.

ಉದ್ದವನ್ನು ಆರು ಮೂಲೆಯ ಬೋಲ್ಟಿನಲ್ಲಿ ತಲೆಯ ಕೆಳಗಿನಿಂದ ಅಳೆಯುತ್ತಾರೆ. ತಗ್ಗಿನಲ್ಲಿ ಮುಳುಗುವ ಚಪ್ಪಟೆ ತಲೆಯ ಸ್ಕ್ರೂಗಳಲ್ಲಿ ತಲೆಯೂ ಸೇರಿ ಅಳತೆ. ತುದಿ ಚೂಪಾಗಿರುವ ಮರದ ಸ್ಕ್ರೂಗಳಿಗೆ ಮೇಲಿನ ಅನುಪಾತದ ಲೆಕ್ಕ ಅನ್ವಯಿಸುವುದಿಲ್ಲ. ಅಗಲ 21 ಮಿ.ಮೀ. ಬಂದು ಥ್ರೆಡ್ ಸಣ್ಣಗಿದ್ದರೆ ಅದು ಬೋಲ್ಟಲ್ಲ, ಅರ್ಧ ಇಂಚಿನ ನಲ್ಲಿಯ ಪೈಪ್ ಥ್ರೆಡ್ ಇರಬೇಕು. ಪೈಪಿನ ಅರ್ಧ ಇಂಚು ಒಳಗಿನ ತೂತಿನ ಲೆಕ್ಕದಿಂದ ಬಂದ ಹೆಸರು.

ಎರಡೂ ಸಾಲಿಗೆ ಹೊಂದದಿದ್ದರೆ

ಅನುಪಾತ 1.25ರ ಆಸುಪಾಸು ಬಂದರೆ ನಿಮ್ಮ ಎದುರಿಗಿರುವುದು ನಯವಾದ ಥ್ರೆಡ್ಡು: ಎಂ10ರಲ್ಲಿ 1.25 ಪಿಚ್, ಅಥವಾ ಎಂ8ರಲ್ಲಿ 1 ಪಿಚ್. ವಾಹನಗಳಲ್ಲಿ, ಹುಲ್ಲು ಹೊಡೆಯುವ ಯಂತ್ರಗಳಲ್ಲಿ ಇದು ಸಿಗುತ್ತದೆ. ಇದನ್ನು ಅಂಗಡಿಯಲ್ಲಿ ಪಿಚ್ ಸಮೇತ ಕೇಳಬೇಕು, ಸುಮ್ಮನೆ ಎಂ10 ಎಂದರೆ 1.5ರದ್ದೇ ಕೈಗೆ ಬರುತ್ತದೆ.

ಹುಲ್ಲು ಹೊಡೆಯುವ ಯಂತ್ರದ ಬ್ಲೇಡಿನ ನಟ್ಟಿನಲ್ಲಿ ಇನ್ನೊಂದು ಸಂಗತಿ ನೋಡಬೇಕು. ಬ್ಲೇಡು ತಿರುಗುವಾಗ ಬಿಚ್ಚಿಕೊಳ್ಳದಿರಲೆಂದು ಅಲ್ಲಿ ಸಾಮಾನ್ಯವಾಗಿ ಎಡ ಥ್ರೆಡ್ ಇರುತ್ತದೆ. ಸೈಕಲ್ಲಿನ ಎಡ ಪೆಡಲ್ಲಿನಲ್ಲೂ ಹಾಗೆಯೇ. ಫೋಟೋದಲ್ಲಿ ಬೋಲ್ಟನ್ನು ನೆಟ್ಟಗೆ ನಿಲ್ಲಿಸಿ ನೋಡಿ: ಎದುರಿಗೆ ಕಾಣುವ ಏಣುಗಳು ಎಡದಿಂದ ಬಲಕ್ಕೆ ಏರುತ್ತಿದ್ದರೆ ಎಲ್ಲೆಡೆ ಇರುವ ಬಲ ಥ್ರೆಡ್, ಬಲದಿಂದ ಎಡಕ್ಕೆ ಏರುತ್ತಿದ್ದರೆ ಎಡ ಥ್ರೆಡ್. ಬೋಲ್ಟನ್ನು ತಲೆಕೆಳಗು ಮಾಡಿದರೂ ಇದು ಬದಲಾಗುವುದಿಲ್ಲ. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಫೋಟೋ ಕನ್ನಡಿಯಂತೆ ತಿರುವುಮುರುವಾಗಿ ಉಳಿದಿದ್ದರೆ ಮಾತ್ರ ಬಲ ಥ್ರೆಡ್ ಎಡವಾಗಿ ಕಾಣುತ್ತದೆ. ಫೋಟೋದಲ್ಲಿ ಎಲ್ಲಾದರೂ ಅಕ್ಷರವಿದ್ದರೆ ಅದು ನೇರವಾಗಿದೆಯೇ ಎಂದು ನೋಡಿದರೆ ಆ ಅನುಮಾನ ತೀರುತ್ತದೆ.

ಬೋಲ್ಟೇ ಕಳೆದುಹೋಗಿ ತೂತು ಮಾತ್ರ ಉಳಿದಿದ್ದರೆ, ತೂತಿನ ಫೋಟೋದಿಂದ ಪಿಚ್ ಸಿಗುವುದಿಲ್ಲ. ಮೆತ್ತನೆ ಮರದ ಕಡ್ಡಿಯೊಂದನ್ನು ತೂತಿಗೆ ಬಿಗಿಯಾಗುವಷ್ಟು ಚೂಪು ಮಾಡಿ, ಒತ್ತಿ ತಿರುಗಿಸಿ ಹೊರತೆಗೆದರೆ ಥ್ರೆಡ್ಡಿನ ಗುರುತು ಅದರ ಮೇಲೆ ಮೂಡುತ್ತದೆ. ಆ ಕಡ್ಡಿಯ ಪಕ್ಕ ಬ್ಲೇಡಿಟ್ಟು ಫೋಟೋ ತೆಗೆಯಲಿ.

ಫೋಟೋ ಕೊಡಲಾರದ ಉತ್ತರವೂ ಒಂದಿದೆ. ಮೂರು ಸೂತಿನಲ್ಲಿ ಬಿ.ಎಸ್.ಡಬ್ಲ್ಯೂ. ಮತ್ತು ಅಮೆರಿಕದ ಯು.ಎನ್.ಸಿ. ಎರಡಕ್ಕೂ ಇಂಚಿಗೆ 16 ಥ್ರೆಡ್ಡೇ; ಏಣಿನ ಕೋನ ಮಾತ್ರ 55 ಮತ್ತು 60 ಡಿಗ್ರಿ. ಫೋನಿನ ಫೋಟೋದಲ್ಲಿ ಆ ಐದು ಡಿಗ್ರಿ ಸಿಗುವುದಿಲ್ಲ. ಯಂತ್ರ ಎಲ್ಲಿಯದು ಎಂದು ಕೇಳಿ ತೀರ್ಮಾನಿಸಬೇಕು: ನಮ್ಮಲ್ಲಿ ತಯಾರಾದ ಹಳೇ ಪಂಪಾದರೆ ಬಿ.ಎಸ್.ಡಬ್ಲ್ಯೂ. ನಾಲ್ಕು ಸೂತಿಗೆ ಬಂದರೆ ಒಂದಕ್ಕೆ ಇಂಚಿಗೆ 12, ಇನ್ನೊಂದಕ್ಕೆ 13, ಅಲ್ಲಿ ಮತ್ತೆ ಎಣಿಕೆ ಕೆಲಸಕ್ಕೆ ಬರುತ್ತದೆ.

ಕೊಂಡ ಮೇಲೆ, ಸ್ಪ್ಯಾನರ್ ಹಾಕುವ ಮೊದಲು

ಈಗ ನಾನು ಫೋಟೋ ಕಳಿಸುವವರಿಗೆ ಹೇಳುವುದಿಷ್ಟು. ಬೋಲ್ಟನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಬ್ರಷ್ಷಿನಿಂದ ಉಜ್ಜಿ. ಬಿಳಿ ಕಾಗದದ ಮೇಲೆ ಅಡ್ಡ ಮಲಗಿಸಿ, ಪಕ್ಕಕ್ಕೆ ಕಾರ್ಡು, ಎರಡು ಅಡಿ ಮೇಲಿನಿಂದ ಜೂಮ್ ಮಾಡಿ ಒಂದು ಫೋಟೋ. ಬ್ಲೇಡು ತಾಗಿಸಿ ಒಂದು. ತಲೆಯ ನೇರಕ್ಕೆ ಒಂದು. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ಏಣುಗಳು ಒಂದರೊಳಗೊಂದು ಕರಗುತ್ತವೆ.

ಹೊಸ ಬೋಲ್ಟು ಬಂದಾಗ ಮೊದಲು ಬೆರಳಿನಲ್ಲೇ ತಿರುಗಿಸಿ. ಶುಚಿಯಾದ ತೂತಿಗೆ ಸರಿಯಾದ ಬೋಲ್ಟು ಆರೇಳು ಸುತ್ತು ಬೆರಳಿನಲ್ಲೇ ಹೋಗಬೇಕು. ಎಂ10 ಬೋಲ್ಟು ಮೂರು ಸೂತಿನ ತೂತಿಗೆ ಮೊದಲ ಸುತ್ತಿನಲ್ಲೇ ಬಿಗಿಯುತ್ತದೆ, ಯಾಕೆಂದರೆ ಅದು ಅಗಲದಲ್ಲೇ ದೊಡ್ಡದು. ಎಂ8 ಬೋಲ್ಟು ಎರಡೂವರೆ ಸೂತಿನ ತೂತಿಗೆ ಹೆಚ್ಚು ಮೋಸ ಮಾಡುತ್ತದೆ: ಎರಡು ಮೂರು ಸುತ್ತು ಸಲೀಸಾಗಿ ಹೋಗಿ, ಪಿಚ್ಚಿನ ವ್ಯತ್ಯಾಸ ಒಟ್ಟಾಗುತ್ತಾ ಬಂದ ಮೇಲೆ ನಿಲ್ಲುತ್ತದೆ. ತುಕ್ಕಿನ ಬಿಗಿ ಹಿಂದೆ ಮುಂದೆ ಆಡಿಸಿದಾಗ ಸಡಿಲವಾಗುತ್ತಾ ಹೋಗುತ್ತದೆ. ಅಳತೆ ತಪ್ಪಿದ ಬಿಗಿ ಪ್ರತಿ ಸಲವೂ ಅದೇ ಜಾಗದಲ್ಲಿ ಬಂದು ನಿಲ್ಲುತ್ತದೆ. ಹಾಗೆ ನಿಂತರೆ ಬಿಚ್ಚಿ ಪಕ್ಕಕ್ಕಿಡಿ, ಎಣ್ಣೆ ಬಿಡಬೇಡಿ, ಸ್ಪ್ಯಾನರ್ ಮುಟ್ಟಬೇಡಿ.

ಕೆಟ್ಟ ತೂತನ್ನು ತೀರ್ಥಹಳ್ಳಿಯ ಲೇತ್ ಅಂಗಡಿಯವರು 10.2 ಮಿ.ಮೀ. ಡ್ರಿಲ್ ಹಾಕಿ ಎಂ12 ಟ್ಯಾಪ್ ಹೊಡೆದು ಕೊಟ್ಟರು. ಸುತ್ತಲಿನ ಬೀಡು ದಪ್ಪವಾಗಿದ್ದುದರಿಂದ ಅಷ್ಟು ಕೊರೆಯಲು ಸಾಧ್ಯವಾಯಿತು. ಮೋಟಾರು ಬದಿಯ ಎದುರು ತೂತನ್ನೂ 13ಕ್ಕೆ ಹಿಗ್ಗಿಸಬೇಕಾಯಿತು. ಉಳಿದ ಮೂರು ತೂತಿಗೆ ಮೂರು ಸೂತಿನ ಹೊಸ ಬೋಲ್ಟುಗಳು ಬೆರಳಿನಲ್ಲೇ ತಳದವರೆಗೂ ಹೋದವು. ಮುಂದೆ ಯಾರೇ ಬಿಚ್ಚಿದರೂ ತಿಳಿಯಲೆಂದು ಚಿಕ್ಕಪ್ಪ ಕೇಸಿಂಗಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿಟ್ಟಿದ್ದಾರೆ: "3 ಸೂತು ಮೂರು, ಕೆಳಗಿನ ಎಡದ್ದು ಎಂ12."